ಖಾಲಿ ಪ್ಲಾಟಿನ ಫೋಟೋ ಮೇಲೆ ಮನೆ, ಗಿಡ, ಹುಲ್ಲು ಕೂಡಿಸಿದರೆ ನೆಲಕ್ಕೆ ಕೂರ್ತಾನೇ ಇಲ್ಲ. ಏನು ಮಾಡಬೇಕು?

ಸೇಡಂ ರಸ್ತೆ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಫ್ಲೆಕ್ಸು ನಮ್ಮ ದಿನದ ಕೆಲಸ. ಈಗ ಒಬ್ಬರು ತಮ್ಮ ಎರಡು ಎಕರೆ ಹೊಲವನ್ನು ಲೇಔಟ್ ಮಾಡಿದ್ದಾರೆ, ಬ್ರೋಷರ್ ಬೇಕು ಅಂತ ಬಂದಿದ್ದಾರೆ. ಜಾಗ ಪೂರ್ತಿ ಬೋಳು. ಕಪ್ಪು ಮಣ್ಣು, ಅಲ್ಲಲ್ಲಿ ತೊಗರಿ ಕೂಳೆ, ನಾಲ್ಕು ಮೂಲೆಗೆ ಗಡಿಕಲ್ಲು, ಅಷ್ಟೇ. 30x40 ಪ್ಲಾಟು, ಪೂರ್ವ ದಿಕ್ಕಿನ ರಸ್ತೆ. ಅದರ ಮೇಲೆ ಒಂದು ಮನೆಯ ಸ್ಕೆಚ್, ಮುಂದೆ ಹಸಿರು ಹುಲ್ಲು, ಸುತ್ತ ನಾಲ್ಕಾರು ಗಿಡ ತೋರಿಸಿ ಅಂತಾರೆ.

ಮೊನ್ನೆ ಮಧ್ಯಾಹ್ನ ಮೂರೂವರೆ ಹೊತ್ತಿಗೆ ರಸ್ತೆಯ ಮೇಲೆ ನಿಂತು ಮೊಬೈಲಿನಲ್ಲೇ ಫೋಟೋ ತೆಗೆದೆ. ಮೊಬೈಲ್ ನೆಟ್ಟಗೆ ಹಿಡಿದಿದ್ದೆ, ನೆಲದಿಂದ ಸುಮಾರು 5 ಅಡಿ ಎತ್ತರ. ಫೋಟೋ ಅಳತೆ 4000x3000 ಪಿಕ್ಸೆಲ್. ಅದರ ಮೇಲೆ ಮನೆ ಕೂಡಿಸಿದೆ, ಮುಂದೆ ಹುಲ್ಲು ಹಾಸಿದೆ, ಬೇವು ನಿಲ್ಲಿಸಿದೆ. ನೋಡಿದರೆ ಮನೆ ತೇಲುತ್ತಿದೆ. ದೊಡ್ಡದು ಮಾಡಿದರೆ ಕೋಟೆ, ಸಣ್ಣದು ಮಾಡಿದರೆ ಆಟದ ಸಾಮಾನು. ಎಲ್ಲಿ ತಪ್ಪುತ್ತಿದೆ ಅಂತ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ.

ಶಹಾಪುರ ಸ್ಟುಡಿಯೋ

ಅಣ್ಣಾ, ಇದು ನೆರಳಿನ ತೊಂದರೆ. ನೆರಳು ಹಾಕದೆ ಯಾವುದನ್ನು ಇಟ್ಟರೂ ತೇಲುತ್ತದೆ. ಮನೆಯ ಬುಡಕ್ಕೆ ಕಪ್ಪು ಬ್ರಷ್ ಹೊಡಿ, ಅಂಚನ್ನು ಸ್ವಲ್ಪ ಮಸುಕು ಮಾಡು, ಆಮೇಲೆ ಇಡೀ ಚಿತ್ರಕ್ಕೆ ಒಂದು ಹಳದಿ ಛಾಯೆ ಕೊಡು. ಎಲ್ಲ ಒಂದೇ ಫೋಟೋ ಅನ್ನಿಸುತ್ತದೆ. ಮನೆ ಸೈಜು ಕಣ್ಣಂದಾಜಿನಲ್ಲಿ ಮಾಡಿದರೆ ಸಾಕು. ನಾನು ಔಟ್‌ಡೋರ್ ಫೋಟೋಗಳಿಗೆ ಹಿಂದಿನ ಸೀನ್ ಬದಲಿಸುವಾಗ ಹೀಗೇ ಮಾಡುವುದು.

ಹುಮನಾಬಾದ್ ಕಾಕಾ

ಕಪ್ಪು ಮಣ್ಣಿನಲ್ಲಿ ಹುಲ್ಲು ಹಾಸುವುದು ಸುಲಭ ಅಲ್ಲ ತಮ್ಮಾ. ಬೇಸಿಗೆಯಲ್ಲಿ ನೆಲ ಬಿರುಕು ಬಿಡುತ್ತದೆ, ಮಳೆಯಲ್ಲಿ ನೀರು ನಿಲ್ಲುತ್ತದೆ. ಮೇಲೆ ಕೆಂಪು ಮಣ್ಣು, ಮರಳು ಹಾಕಿಸಿ ಆಮೇಲೆ ಹುಲ್ಲು ಹಚ್ಚು. ಏಪ್ರಿಲ್, ಮೇನಲ್ಲಿ ದಿನಾ ನೀರು ಬೇಕು, ಬೋರ್ ಇದೆಯೋ ಇಲ್ಲವೋ ಮೊದಲು ಕೇಳು.

ಸೇಡಂ ರಸ್ತೆ ಡಿಟಿಪಿ

ಕಾಕಾ, ಹುಲ್ಲು ನಿಜವಾಗಿ ಹಚ್ಚುವುದಿಲ್ಲ, ಫೋಟೋದಲ್ಲಿ ಮಾತ್ರ. ಆದರೂ ನೀವು ಹೇಳಿದ್ದನ್ನು ಮಾಲೀಕರಿಗೆ ತಿಳಿಸುತ್ತೇನೆ.

ಶಹಾಪುರ ಅಣ್ಣಾ, ನೆರಳು ಹಾಕಿ ನೋಡಿದೆ. ತೇಲುವುದು ಸ್ವಲ್ಪ ಕಡಿಮೆ ಆಯ್ತು. ಆದರೆ ಮನೆ ಇನ್ನೂ ಆ ಜಾಗದ್ದು ಅನ್ನಿಸುತ್ತಿಲ್ಲ.

ಬೀದರ್ ನಕ್ಷೆ

ನಾನು ಮನೆ ನಕ್ಷೆ ಬರೆಯುವವಳು. ಎಲಿವೇಷನ್ ಸ್ಕೆಚ್ಚನ್ನು ಸೈಟ್ ಫೋಟೋ ಮೇಲೆ ಕೂಡಿಸುವುದು ನನ್ನ ಕೆಲಸದಲ್ಲಿ ಆಗಾಗ ಬರುತ್ತದೆ. ನೆರಳು ಆಮೇಲಿನ ಮಾತು ತಮ್ಮಾ. ಮೊದಲು ಮನೆ ಎಲ್ಲಿ ನಿಂತಿದೆ ಅಂತ ನೋಡಬೇಕು. ಅದಕ್ಕೆ ನನಗೆ ಕೆಲವು ಅಳತೆ ಬೇಕು. ಮುಂದಿನ ಎರಡು ಗಡಿಕಲ್ಲಿನ ಬುಡ ಚಿತ್ರದ ಮೇಲಂಚಿನಿಂದ ಎಷ್ಟು ಪಿಕ್ಸೆಲ್ ಕೆಳಗಿದೆ? ಹಿಂದಿನ ಕಲ್ಲಿನ ಬುಡ ಎಷ್ಟರಲ್ಲಿದೆ? ಮುಂದಿನ ಎರಡು ಕಲ್ಲಿನ ನಡುವೆ ಅಗಲ ಎಷ್ಟು? ನೀನು ಕೂಡಿಸಿದ ಮನೆಯ ಬುಡ ಯಾವ ಮಟ್ಟದಲ್ಲಿದೆ, ಎತ್ತರ ಎಷ್ಟು?

ಸೇಡಂ ರಸ್ತೆ ಡಿಟಿಪಿ

ಅಕ್ಕಾ, ಮುಂದಿನ ಕಲ್ಲು 2100ರಲ್ಲಿ. ಹಿಂದಿನದು 1730ರ ಆಸುಪಾಸು. ಮುಂದಿನ ಎರಡು ಕಲ್ಲಿನ ನಡುವೆ ಸುಮಾರು 3600. ಮನೆಯ ಬುಡ 1700, ಎತ್ತರ 1300 ಪಿಕ್ಸೆಲ್. ಮುಂದೆ ಹುಲ್ಲು ಚೆನ್ನಾಗಿ ಕಾಣಲಿ ಅಂತ ಮನೆಯನ್ನು ಸ್ವಲ್ಪ ಹಿಂದಕ್ಕೆ ಇಟ್ಟಿದ್ದೇನೆ.

ಬೀದರ್ ನಕ್ಷೆ

ಸಿಕ್ಕಿತು. ನಿನ್ನ ಮನೆ ನಿನ್ನ ಪ್ಲಾಟಿನಲ್ಲೇ ಇಲ್ಲ. ಹಿಂದಿನವರ ಪ್ಲಾಟಿನಲ್ಲಿ ಕೂತಿದೆ.

ಹೇಗೆ ಅಂತ ಹೇಳುತ್ತೇನೆ. ಮೊಬೈಲ್ ನೆಟ್ಟಗೆ ಹಿಡಿದು ತೆಗೆದರೆ ಕಣ್ಣಿನ ಮಟ್ಟದ ಗೆರೆ ಚಿತ್ರದ ನಡುವಿಗೆ ಬರುತ್ತದೆ. ನಿನ್ನ ಚಿತ್ರದಲ್ಲಿ ಅದು 1500. ದೂರದಲ್ಲಿ ಹೊಲ ಮತ್ತು ಆಕಾಶ ಸೇರುವುದು ಕೂಡ ಅಲ್ಲೇ. ನಮ್ಮ ಕಡೆ ನೆಲ ಸಪಾಟು ಇರುವುದರಿಂದ ಈ ಗೆರೆ ಬೇಗ ಸಿಗುತ್ತದೆ. ನೆಲ ಸಮ ಇದ್ದಾಗ, ಆ ಗೆರೆ ಹತ್ತಿರದ ವಸ್ತು ಇರಲಿ ದೂರದ ವಸ್ತು ಇರಲಿ, ಎಲ್ಲವನ್ನೂ ಕ್ಯಾಮೆರಾದ ಎತ್ತರದಲ್ಲೇ ಕತ್ತರಿಸುತ್ತದೆ. ನಿನ್ನ ಕ್ಯಾಮೆರಾ 5 ಅಡಿಯಲ್ಲಿತ್ತು. ಅಂದರೆ ಯಾವ ವಸ್ತುವಿನ ಬುಡದಿಂದಲೇ ಆಗಲಿ, ಗೆರೆಯವರೆಗೆ ಇರುವುದು 5 ಅಡಿ.

ಮುಂದಿನ ಕಲ್ಲಿನ ಬುಡ 2100. ಗೆರೆಯಿಂದ 600 ಪಿಕ್ಸೆಲ್ ಕೆಳಗೆ. 600 ಅಂದರೆ 5 ಅಡಿ, ಹಾಗಾಗಿ ಅಲ್ಲಿ ಒಂದು ಅಡಿಗೆ 120 ಪಿಕ್ಸೆಲ್. ಸರಿ ಇದೆಯಾ ಅಂತ ಅಗಲದಿಂದ ನೋಡೋಣ: 30 ಅಡಿಗೆ 3600. ನೀನು ಹೇಳಿದ್ದೂ ಅಷ್ಟೇ. ಲೆಕ್ಕ ಕೂಡಿತು.

ಹಿಂದಿನ ಕಲ್ಲು ಗೆರೆಯಿಂದ 230 ಕೆಳಗೆ. 600ನ್ನು 230ರಿಂದ ಭಾಗಿಸಿದರೆ 2.6. ಅಂದರೆ ಹಿಂದಿನ ಕಲ್ಲು ಮುಂದಿನ ಕಲ್ಲಿಗಿಂತ 2.6 ಪಟ್ಟು ದೂರ. ನಡುವಿನ ಅಂತರ 40 ಅಡಿ ಅಂತ ನಮಗೆ ಗೊತ್ತು. ಹಾಗಾದರೆ ನೀನು ಮುಂದಿನ ಕಲ್ಲಿನಿಂದ 25 ಅಡಿ ಹಿಂದೆ ನಿಂತಿದ್ದೆ, ಹಿಂದಿನ ಕಲ್ಲು 65 ಅಡಿ ದೂರ. ಹೌದೋ ಅಲ್ವೋ ಹೇಳು.

ಈಗ ನಿನ್ನ ಮನೆಗೆ ಬಾ. ಬುಡ 1700, ಗೆರೆಯಿಂದ ಬರೀ 200 ಕೆಳಗೆ. ಇದೇ ಲೆಕ್ಕದಲ್ಲಿ ಅದು ನಿನ್ನಿಂದ 75 ಅಡಿ ದೂರ. ಪ್ಲಾಟು 65ಕ್ಕೇ ಮುಗಿಯಿತು. ಮುಂದಿನ ಗೋಡೆಯೇ ಹತ್ತು ಅಡಿ ಆಚೆ ಹೋಗಿದೆ. ಇನ್ನು ಎತ್ತರ. ಆ ದೂರದಲ್ಲಿ ಒಂದು ಅಡಿಗೆ 40 ಪಿಕ್ಸೆಲ್. 1300 ಪಿಕ್ಸೆಲ್ ಮನೆ ಅಂದರೆ 32 ಅಡಿ ಮೇಲೆ ಆಯ್ತು. ಒಂದಂತಸ್ತಿನ ಮನೆಗೆ ಅಷ್ಟು ಎತ್ತರ ಎಲ್ಲಿದೆ? ಅದಕ್ಕೇ ಕೋಟೆ ಅನ್ನಿಸುತ್ತದೆ. ಸಣ್ಣದು ಮಾಡಿದರೆ ಅಳತೆ ಸರಿಯಾಗಿ, ಗಡಿಕಲ್ಲಿನ ಆಚೆ ದೂರದ ಮನೆ ಆಗುತ್ತದೆ. ಕಣ್ಣಿಗೆ ಲೆಕ್ಕ ಬರುವುದಿಲ್ಲ, ಆದರೆ ಎಡವಟ್ಟು ಕೂಡಲೇ ಗೊತ್ತಾಗುತ್ತದೆ.

ಸೇಡಂ ರಸ್ತೆ ಡಿಟಿಪಿ

ಅಕ್ಕಾ, ರಸ್ತೆಯ ಆಚೆ ದಂಡೆಗೆ ನಿಂತಿದ್ದೆ. 25 ಅಡಿ ಇರಬಹುದು, ಹೆಚ್ಚು ಕಡಿಮೆ ಅಷ್ಟೇ! ಹಾಗಾದರೆ ಮನೆಯನ್ನು ಎಲ್ಲಿ ಇಡಬೇಕು?

ಬೀದರ್ ನಕ್ಷೆ

ಮುಂದೆ 5 ಅಡಿ ಬಿಟ್ಟು ಕಟ್ಟುತ್ತಾರೆ ಅಂತ ಇಟ್ಟುಕೋ. ಎಷ್ಟು ಬಿಡಬೇಕು ಅನ್ನುವುದನ್ನು ನಿಮ್ಮ ಅಪ್ರೂವಲ್ ನಕ್ಷೆ ನೋಡಿ ಖಚಿತ ಮಾಡಿಕೋ. ಆಗ ಮುಂದಿನ ಗೋಡೆ ನಿನ್ನಿಂದ 30 ಅಡಿ. ಗೆರೆಯಿಂದ 500 ಕೆಳಗೆ, ಅಂದರೆ ಬುಡ 2000ಕ್ಕೆ. ಅಲ್ಲಿ ಒಂದು ಅಡಿಗೆ ಸರಿಯಾಗಿ 100 ಪಿಕ್ಸೆಲ್. ಪ್ಲಿಂತ್ 2 ಅಡಿ, ಗೋಡೆ 10 ಅಡಿ, ಪ್ಯಾರಾಪೆಟ್ 3 ಅಡಿ. ಒಟ್ಟು 15 ಅಡಿ, 1500 ಪಿಕ್ಸೆಲ್. ಮನೆಯ ತಲೆ 500ರಲ್ಲಿ ನಿಲ್ಲುತ್ತದೆ.

ಮುಗಿದ ಮೇಲೆ ಹೀಗೆ ಪರೀಕ್ಷೆ ಮಾಡು. ಕಿಟಕಿಯ ಕೆಳ ಅಂಚು ಸಾಮಾನ್ಯವಾಗಿ ಒಳಗಿನ ನೆಲದಿಂದ 3 ಅಡಿ. ಪ್ಲಿಂತ್ 2 ಅಡಿ ಸೇರಿಸಿದರೆ 5. ಅಂದರೆ 1500ರ ಗೆರೆ ಕಿಟಕಿಯ ಕೆಳ ಅಂಚಿನ ಮೇಲೇ ಹಾದು ಹೋಗಬೇಕು. ಅದೇ ಗೆರೆ ಬಾಗಿಲನ್ನು ಹಿಡಿಕೆಯ ಮಟ್ಟದಲ್ಲಿ ದಾಟಬೇಕು. ಅಂಗಳದಲ್ಲಿ ಒಬ್ಬ ದೊಡ್ಡವರನ್ನು ನಿಲ್ಲಿಸುತ್ತೀಯಾ, ಅವರ ಗಲ್ಲವೋ ಬಾಯಿಯೋ ಆ ಗೆರೆಗೆ ಬರಬೇಕು. ಎಷ್ಟು ಹಿಂದೆ ನಿಲ್ಲಿಸಿದರೂ ಅಷ್ಟೇ. ಈ ಒಂದು ಗೆರೆಯಿಂದ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಶಹಾಪುರ ಸ್ಟುಡಿಯೋ

ಇದು ನನಗೂ ಹೊಸದು ಮೇಡಂ. ಆದರೆ ಎಲ್ಲರೂ ಮೊಬೈಲನ್ನು ನೆಟ್ಟಗೆ ಹಿಡಿಯುವುದಿಲ್ಲವಲ್ಲ. ಕೆಳಗೆ ಬಗ್ಗಿಸಿ ತೆಗೆದಿದ್ದರೆ?

ಬೀದರ್ ನಕ್ಷೆ

ಆಗ ಗೆರೆ ಚಿತ್ರದ ನಡುವಿಗಿಂತ ಮೇಲೆ ಹೋಗುತ್ತದೆ. ಎಡಬಲದ ಗಡಿಕಲ್ಲುಗಳ ಸಾಲನ್ನು ಹಿಂದಕ್ಕೆ ಎಳೆದು ಎರಡೂ ಎಲ್ಲಿ ಕೂಡುತ್ತವೆ ನೋಡಿ. ಗೆರೆ ಅಲ್ಲಿದೆ. ಸ್ವಲ್ಪ ಬಗ್ಗಿಸಿದ್ದರೆ ಇದೇ ಲೆಕ್ಕ ನಡೆಯುತ್ತದೆ. ಜಾಸ್ತಿ ಬಗ್ಗಿಸಿದ್ದರೆ ಕಂಬ, ಗೋಡೆ ಎಲ್ಲ ವಾಲುತ್ತವೆ, ಲೆಕ್ಕವೂ ಜಾರುತ್ತದೆ. ಮತ್ತೆ ಹೋಗಿ ನೆಟ್ಟಗೆ ಹಿಡಿದು ತೆಗೆಯುವುದೇ ಒಳ್ಳೆಯದು. SketchUp ಬಲ್ಲವರಿದ್ದರೆ ಅದರಲ್ಲಿ Match Photo ಅಂತ ಇದೆ. ಫೋಟೋದ ಗೆರೆಗಳಿಗೆ ಅಕ್ಷ ಹೊಂದಿಸಿದರೆ ಮನೆಯ ಮಾಡೆಲ್ ಅದೇ ಕೋನಕ್ಕೆ ತಿರುಗಿ ಕೂರುತ್ತದೆ.

ಸೇಡಂ ರಸ್ತೆ ಡಿಟಿಪಿ

ನೀವು ಹೇಳಿದ ಹಾಗೆ ಇಟ್ಟೆ ಅಕ್ಕಾ. ಮನೆ ಸುಮ್ನೆ ಹೋಗಿ ನೆಲಕ್ಕೆ ಕೂತುಬಿಟ್ಟಿತು, ಇನ್ನೂ ನೆರಳೂ ಹಾಕಿಲ್ಲ. ಆದರೆ ಈಗ ಹುಲ್ಲಿಗೆ ಜಾಗವೇ ಇಲ್ಲ. 2000ದಿಂದ 2100ರವರೆಗೆ ಒಂದು ಪಟ್ಟಿ ಮಾತ್ರ ಉಳಿಯಿತು. ಮಾಲೀಕರು ದೊಡ್ಡ ಲಾನ್ ಬೇಕು ಅಂತಿದ್ದಾರೆ.

ಬೀದರ್ ನಕ್ಷೆ

ಅಷ್ಟೇ ಇರುವುದು. 5 ಅಡಿ ಅಗಲದ ಹುಲ್ಲು ಆ ದೂರದಿಂದ 100 ಪಿಕ್ಸೆಲ್ ಕಾಣುತ್ತದೆ. 30x40 ಪ್ಲಾಟಿನಲ್ಲಿ ಮನೆ ಕಟ್ಟಿದ ಮೇಲೆ ಮುಂದೆ ದೊಡ್ಡ ಲಾನ್ ಉಳಿಯುವುದೇ ಇಲ್ಲ. ನೀನು ಮೊದಲು 400 ಪಿಕ್ಸೆಲ್ ಹುಲ್ಲು ಹಾಸಿದ್ದೆಯಲ್ಲ, ಮನೆ ಪ್ಲಾಟಿನಿಂದ ಆಚೆ ಹೋಗಿದ್ದು ಅದಕ್ಕೇ. ಚಿತ್ರದಲ್ಲಿ ಜಾಗ ಹಿಗ್ಗಿಸಿದರೆ ಇಲ್ಲದ ಜಾಗ ಮಾರಿದ ಹಾಗೆ.

ಗಿಡದ್ದೂ ನೋಡು. ಹಿಂದಿನ ಗಡಿಗೆ 20 ಅಡಿ ಬೇವು ನಿಲ್ಲಿಸಿದರೆ, ಅಲ್ಲಿ ಒಂದು ಅಡಿಗೆ 46 ಪಿಕ್ಸೆಲ್, ಗಿಡ 920 ಪಿಕ್ಸೆಲ್ ಆಗುತ್ತದೆ. ಅದರ ತುದಿ 810ಕ್ಕೆ ಬರುತ್ತದೆ. ಮನೆಯ ತಲೆ 500ರಲ್ಲಿದೆ. ಗಿಡ ಪೂರ್ತಿ ಮನೆಯ ಹಿಂದೆ ಮುಚ್ಚಿಹೋಗುತ್ತದೆ. ಪ್ಯಾರಾಪೆಟ್ ಮೇಲೆ ಹಸಿರು ಇಣುಕಬೇಕಾದರೆ 30 ಅಡಿಯ ಬೆಳೆದ ಬೇವು ಬೇಕು. ಅದು ಬೆಳೆಯಲು ವರ್ಷಗಳು ಬೇಕು. ರಸ್ತೆ ಬದಿಗೆ ಒಂದು ಸಣ್ಣ ಹೊಂಗೆ ಹಾಕು, ಸಾಕು. ತೆಂಗು, ವಿದೇಶಿ ಪಾಮ್ ಬೇಡ. ಸುತ್ತ ತೊಗರಿ ಹೊಲ ಇಟ್ಟುಕೊಂಡು ನಡುವೆ ಪಾಮ್ ನಿಲ್ಲಿಸಿದರೆ ಅಂಟಿಸಿದ್ದು ಅಂತ ಮಗುವಿಗೂ ತಿಳಿಯುತ್ತದೆ.

ಹಳೇ ಏಜೆಂಟ್ ಕಲಬುರಗಿ

ಮೇಡಂ, ಇಷ್ಟು ಲೆಕ್ಕ ಹಾಕಿದರೆ ಒಂದು ಪ್ಲಾಟೂ ಮಾರುವುದಿಲ್ಲ. ಗಿರಾಕಿ ಮೊದಲು ಹಸಿರು ನೋಡುತ್ತಾನೆ. ಕೆಳಗೆ ಸಣ್ಣದಾಗಿ ‘ಇದು ಕಾಲ್ಪನಿಕ ಚಿತ್ರ’ ಅಂತ ಹಾಕಿಬಿಟ್ಟರೆ ಯಾರೂ ಕೇಳುವುದಿಲ್ಲ. ಎಲ್ಲರೂ ಹಾಗೇ ಮಾಡುತ್ತಾರೆ.

ಜೇವರ್ಗಿ ಮೇಷ್ಟ್ರು

ಯಾರೂ ಕೇಳುವುದಿಲ್ಲ ಅಂತ ಹೇಳಬೇಡಿ ಸರ್. ನಾನು ಕೇಳಿದವನು. ಬ್ರೋಷರ್‌ನಲ್ಲಿ ನಮ್ಮ ಸೈಟಿನ ಎದುರು ಗಿಡಗಳು, ಕಲ್ಲು ಬೆಂಚು, ಹುಲ್ಲು ಎಲ್ಲ ಇತ್ತು. ಅದನ್ನೇ ನೋಡಿ ಮನೆಯವಳು ಈ ಸೈಟೇ ಇರಲಿ ಅಂದಳು, ಮುಂಗಡ ಕೊಟ್ಟೆವು. ಆಮೇಲೆ ನೋಡಿದರೆ ಆ ಜಾಗ ಪಾರ್ಕ್ ಅಲ್ಲ, ಅದೂ ಒಂದು ಪ್ಲಾಟು. ಈಗ ಅಲ್ಲಿ ಇಟ್ಟಿಗೆ ಇಳಿಸಿದ್ದಾರೆ. ಕೇಳಿದರೆ ‘ಅದು ಬರೀ ಚಿತ್ರ’ ಅಂದರು. ಕೆಳಗೆ ಏನೋ ಬರೆದಿತ್ತಂತೆ, ಕನ್ನಡಕ ಹಾಕಿಕೊಂಡರೂ ಓದಲು ಬರಲಿಲ್ಲ. ಚಿತ್ರ ಮಾಡುವವರು ನೀವು. ನಮ್ಮಂಥವರು ಅದನ್ನೇ ನಂಬಿ ದುಡ್ಡು ಕಟ್ಟುತ್ತೇವೆ.

ಯಾದಗಿರಿ ವಕೀಲ

ಮೇಷ್ಟ್ರೇ, ಬ್ರೋಷರ್ ಜೋಪಾನವಾಗಿ ಇಟ್ಟುಕೊಳ್ಳಿ. 2016ರ ರೇರಾ ಕಾಯ್ದೆಯಲ್ಲಿ ಜಾಹೀರಾತು ಅನ್ನುವುದರೊಳಗೆ ಬ್ರೋಷರ್ ಕೂಡ ಬರುತ್ತದೆ. ಸೆಕ್ಷನ್ 12 ಪ್ರಕಾರ, ಜಾಹೀರಾತಿನಲ್ಲಿದ್ದ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪ್ರಮೋಟರ್ ಪರಿಹಾರ ಕೊಡಬೇಕು. ಕೊಳ್ಳುವವರು ಹಿಂದೆ ಸರಿಯುತ್ತೇನೆ ಅಂದರೆ ಕೊಟ್ಟ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ನಿಮ್ಮ ಲೇಔಟ್ ಆ ಕಾಯ್ದೆಯೊಳಗೆ ಬರುತ್ತದೋ ಇಲ್ಲವೋ ಕಾಗದ ನೋಡಿ ಹೇಳಬೇಕು.

ಡಿಟಿಪಿ ತಮ್ಮನಿಗೂ ಒಂದು ಮಾತು. 500 ಚದರ ಮೀಟರ್‌ಗಿಂತ ಜಾಸ್ತಿ ಜಾಗದ ಲೇಔಟನ್ನು ನೋಂದಣಿ ಮಾಡಿಸದೆ ಜಾಹೀರಾತೇ ಕೊಡುವಂತಿಲ್ಲ. ಎರಡು ಎಕರೆ ಅಂದರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬ್ರೋಷರ್‌ನಲ್ಲಿ ನೋಂದಣಿ ಸಂಖ್ಯೆ ಮತ್ತು ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಎದ್ದು ಕಾಣುವ ಹಾಗೆ ಇರಬೇಕು. ಆ ಸಂಖ್ಯೆ ಕೈಗೆ ಬರುವ ಮುಂಚೆ ಪ್ರಿಂಟಿಗೆ ಕಳಿಸಬೇಡ.

ಹಳೇ ಏಜೆಂಟ್ ಕಲಬುರಗಿ

ಇಲ್ಲದ ಪಾರ್ಕ್ ತೋರಿಸಿದ್ದು ತಪ್ಪು, ಅದನ್ನು ಒಪ್ಪುತ್ತೇನೆ ಮೇಷ್ಟ್ರೇ. ಆದರೆ ಒಂದು ಮನೆ, ಎರಡು ಗಿಡ ಹಾಕಿ ‘ಹೀಗೆ ಕಟ್ಟಬಹುದು’ ಅಂದರೆ ಅದರಲ್ಲಿ ಮೋಸ ಏನಿದೆ? ಬೋಳು ಮಣ್ಣು ನೋಡಿ ಮನೆ ಊಹಿಸಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ.

ಬೀದರ್ ನಕ್ಷೆ

ಅದು ಸರಿ. ಅದಕ್ಕೇ ಮನೆಯನ್ನು ಸ್ಕೆಚ್ ಆಗಿಯೇ ಉಳಿಸಿ. ಪೆನ್ನಿನ ಗೆರೆ, ಮೇಲೆ ತೆಳು ಬಣ್ಣ. ನಿಜವಾದ ಮನೆಯ ಫೋಟೋ ಕತ್ತರಿಸಿ ಅಂಟಿಸಬೇಡಿ. ಗೆರೆ ನೋಡಿದ ಕೂಡಲೇ ಇದು ಇನ್ನೂ ಕಟ್ಟಿಲ್ಲ ಅಂತ ತಿಳಿಯುತ್ತದೆ, ಸಣ್ಣ ಅಕ್ಷರ ಓದಬೇಕಾಗಿಲ್ಲ. ಅದೇ ಪುಟದಲ್ಲಿ ಬೋಳು ಪ್ಲಾಟಿನ ಮೂಲ ಫೋಟೋವನ್ನೂ ಹಾಕಿ.

ತಮ್ಮಾ, ಸ್ಕೆಚ್ಚನ್ನು ಸ್ಕ್ಯಾನ್ ಮಾಡಿ ಲೇಯರ್ ಅನ್ನು Multiply ಮಾಡಿದರೆ ಬಿಳಿ ಕಾಗದ ಮಾಯವಾಗಿ ಗೆರೆ ಮಾತ್ರ ಉಳಿಯುತ್ತದೆ. ಆಗ ಹಿಂದಿನ ಜಾಲಿ ಗಿಡ, ಕರೆಂಟ್ ಕಂಬ ಗೋಡೆಯೊಳಗಿಂದ ಕಾಣುತ್ತವೆ. ಅದಕ್ಕೆ ಗೆರೆಯ ಲೇಯರ್ ಕೆಳಗೆ ಮನೆಯ ಆಕಾರದಷ್ಟೇ ಒಂದು ಬಿಳಿ ಲೇಯರ್ ಇಟ್ಟು 85 ಶೇಕಡಾ ಮಾಡು. ಪೂರ್ತಿ ಬಿಳಿ ಮಾಡಿದರೆ ಕಾಗದ ಅಂಟಿಸಿದ ಹಾಗೆ ಕಾಣುತ್ತದೆ.

ಈಗ ನೆರಳಿನ ಮಾತು. ನಿನ್ನ ಗಡಿಕಲ್ಲು ನೆಲದ ಮೇಲೆ ಎಷ್ಟಿದೆ, ಅದರ ನೆರಳು ಎಷ್ಟು ಉದ್ದ, ಯಾವ ಕಡೆ ಬಿದ್ದಿದೆ?

ಸೇಡಂ ರಸ್ತೆ ಡಿಟಿಪಿ

ಕಲ್ಲು ಎರಡಡಿ, ನೆರಳು ಸುಮಾರು ಮೂರಡಿ ಅಕ್ಕಾ. ನೆರಳು ನನ್ನ ಕಡೆಗೆ, ಸ್ವಲ್ಪ ಬಲಕ್ಕೆ ಬಿದ್ದಿದೆ.

ಬೀದರ್ ನಕ್ಷೆ

ಅಂದುಕೊಂಡೆ. ಪೂರ್ವಕ್ಕೆ ಮುಖ ಇರುವ ಪ್ಲಾಟು, ನೀನು ರಸ್ತೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡುತ್ತಿದ್ದೀಯ. ಚಳಿಗಾಲದ ಮೂರೂವರೆಗೆ ಸೂರ್ಯ ನೈಋತ್ಯದಲ್ಲಿ, ನಿನ್ನ ಎದುರಿಗೆ ಎಡಕ್ಕೆ ಇರುತ್ತಾನೆ. ಮನೆಯ ಮುಂಭಾಗ ಆಗ ಪೂರ್ತಿ ನೆರಳಲ್ಲಿ. ನೆರಳು ಎತ್ತರದ ಒಂದೂವರೆ ಪಟ್ಟು, 15 ಅಡಿ ಮನೆಗೆ 22 ಅಡಿ ಮೇಲೆ. ಮುಂದಿನ 5 ಅಡಿ ಹುಲ್ಲಿನಲ್ಲಿ ಎಡ ತುದಿಯ ಸ್ವಲ್ಪ ಬಿಟ್ಟರೆ ಉಳಿದದ್ದೆಲ್ಲ ಕತ್ತಲೆ, ನೆರಳು ರಸ್ತೆಗೂ ಇಳಿಯುತ್ತದೆ. ನಿನ್ನ ಸ್ಕೆಚ್ಚಿನಲ್ಲಿ ಮುಂದಿನ ಗೋಡೆಗೆ ಬಿಸಿಲು ಬಿದ್ದ ಬಣ್ಣ ಇದೆ, ಹುಲ್ಲು ಫಳಫಳ ಅನ್ನುತ್ತಿದೆ. ಗಡಿಕಲ್ಲಿನ ನೆರಳು ಒಂದು ಕಡೆ, ಮನೆಯ ಬಿಸಿಲು ಇನ್ನೊಂದು ಕಡೆ. ಬ್ರಷ್‌ನಿಂದ ಬುಡ ಕಪ್ಪು ಮಾಡಿದರೆ ಇದು ಸರಿಹೋಗುವುದಿಲ್ಲ.

ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆ ಹೋಗಿ ಅದೇ ಜಾಗದಲ್ಲಿ ನಿಂತು ತೆಗಿ. ಆಗ ಸೂರ್ಯ ಆಗ್ನೇಯದಲ್ಲಿ, ನಿನ್ನ ಬೆನ್ನ ಹಿಂದೆ ಎಡಕ್ಕೆ. ಮುಖಕ್ಕೆ ಬಿಸಿಲು, ನೆರಳು ಹಿಂದಕ್ಕೆ ಬಲಕ್ಕೆ. ಹುಲ್ಲಿನ ಫೋಟೋವನ್ನೂ ಅದೇ ಹೊತ್ತಿಗೆ ಪಬ್ಲಿಕ್ ಗಾರ್ಡನ್‌ನಲ್ಲಿ, ಅದೇ 5 ಅಡಿ ಎತ್ತರದಿಂದ, ಮೊಬೈಲ್ ನೆಟ್ಟಗೆ ಹಿಡಿದು, ಸೂರ್ಯ ಬೆನ್ನ ಹಿಂದೆ ಎಡಕ್ಕೇ ಇರುವ ಹಾಗೆ ನಿಂತು ತೆಗಿ. ಮೇಲಿನಿಂದ ತೆಗೆದ ಹುಲ್ಲನ್ನು ಎಷ್ಟು ಚಪ್ಪಟೆ ಮಾಡಿದರೂ ಎಳೆ ಎದ್ದು ನಿಲ್ಲುವುದಿಲ್ಲ, ಕಾರ್ಪೆಟ್ ಆಗುತ್ತದೆ.

ಶಹಾಪುರ ಸ್ಟುಡಿಯೋ

ಹುಲ್ಲಿನ ಅಂಚಿಗೆ ಒಂದು ಸಾಲು ಶಹಾಬಾದ್ ಕಲ್ಲು ಹಾಕಿ, ಹುಲ್ಲಿನ ಕೆಲವು ಎಳೆ ಕಲ್ಲಿನ ಮೇಲೆ ಬಾಗಿದ ಹಾಗೆ ಬಿಟ್ಟರೆ ಜೋಡಣೆ ಕಾಣುವುದಿಲ್ಲ. ಇನ್ನೊಂದು, ಹಸಿರನ್ನು ತಗ್ಗಿಸು ಅಣ್ಣಾ. ಸ್ಕ್ರೀನ್ ಮೇಲೆ ಮಿಂಚುವ ಹಸಿರು ಆಫ್‌ಸೆಟ್ ಪ್ರಿಂಟಿನಲ್ಲಿ ಮಂಕಾಗುತ್ತದೆ. ಮೊದಲೇ CMYK ಮಾಡಿ ನೋಡಿಕೊಂಡರೆ ಪ್ರೆಸ್‌ನಲ್ಲಿ ಜಗಳ ಇರುವುದಿಲ್ಲ.

ಸೇಡಂ ರಸ್ತೆ ಡಿಟಿಪಿ

ನಾಳೆ ಬೆಳಿಗ್ಗೆ ಹೋಗಿ ತೆಗೆಯುತ್ತೇನೆ. ಎರಡು ಮಾತು ಉಳಿದವು. ಪ್ಲಾಟಿನ ಹಿಂದಿನ ಮೂಲೆಯ ಮೇಲೆ ಕರೆಂಟ್ ತಂತಿ ಹಾದು ಹೋಗಿದೆ. ಮಾಲೀಕರು ಅಳಿಸು ಅಂತಾರೆ. ಇನ್ನೊಂದು, ಲಾನ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ಎರಡು ಪ್ಲಾಟು ಕೂಡಿಸಿ ತೋರಿಸಬಹುದಾ?

ಹಳೇ ಏಜೆಂಟ್ ಕಲಬುರಗಿ

ತಂತಿ ಅಳಿಸಿದರೆ ಏನಾಯ್ತು? ಗಿರಾಕಿ ಸ್ಥಳಕ್ಕೆ ಬಂದೇ ಬರುತ್ತಾನೆ, ಕಣ್ಣಾರೆ ನೋಡುತ್ತಾನೆ.

ಜೇವರ್ಗಿ ಮೇಷ್ಟ್ರು

ಎಲ್ಲರೂ ಬರುವುದಿಲ್ಲ ಸರ್. ಪುಣೆ, ಮುಂಬೈಯಲ್ಲಿ ದುಡಿಯುವ ನಮ್ಮ ಹುಡುಗರು ವಾಟ್ಸಪ್‌ನಲ್ಲಿ ಬ್ರೋಷರ್ ನೋಡಿಯೇ ಮುಂಗಡ ಕಳಿಸುತ್ತಾರೆ.

ಬೀದರ್ ನಕ್ಷೆ

ನಾನು ಅಳಿಸುವುದಿಲ್ಲ. ತಂತಿಯ ಕೆಳಗೆ ಎಷ್ಟು ಎತ್ತರ ಕಟ್ಟಬಹುದು ಅನ್ನುವುದೇ ಬದಲಾಗುತ್ತದೆ. ಮುಂದೆ ಮೇಲಂತಸ್ತು ಹಾಕುವವರಿಗೆ ಅದು ದೊಡ್ಡ ವಿಷಯ. ಏಜೆಂಟರಿಗೂ ನನಗೂ ಇದರಲ್ಲಿ ಹೊಂದಿಕೆ ಆಗುವುದಿಲ್ಲ, ಇರಲಿ.

ಎರಡು ಪ್ಲಾಟು ಕೂಡಿಸಿ ತೋರಿಸಬಹುದು. ಒಂದರಲ್ಲಿ ಮನೆ, ಪಕ್ಕದ್ದರಲ್ಲಿ ಹುಲ್ಲು. ಆದರೆ 60 ಅಡಿ ಅಗಲ ಈಗಿನ ಜಾಗದಿಂದ 7200 ಪಿಕ್ಸೆಲ್ ಆಗುತ್ತದೆ, ನಿನ್ನ ಫೋಟೋ ಇರುವುದೇ 4000. ಎದುರಿನ ಪ್ಲಾಟು ಖಾಲಿ ಇದ್ದರೆ ಅದರೊಳಗೆ ಹೋಗಿ ಗಡಿಕಲ್ಲಿನಿಂದ 50 ಅಡಿ ದೂರ ನಿಂತು ತೆಗಿ. ಆಗ ಮುಂದಿನ ಕಲ್ಲು ಗೆರೆಯಿಂದ 300 ಕೆಳಗೆ ಬರುತ್ತದೆ, ಒಂದು ಅಡಿಗೆ 60 ಪಿಕ್ಸೆಲ್. ಎರಡು ಪ್ಲಾಟಿನ ನಡುವಿನ ಗಡಿಕಲ್ಲನ್ನು ಅಳಿಸಬೇಡ. ಚಿತ್ರದ ಮೇಲೇ, ಬೆಲೆ ಬರೆದಷ್ಟೇ ದಪ್ಪ ಅಕ್ಷರದಲ್ಲಿ ‘ಎರಡು ಪ್ಲಾಟು, 60x40’ ಅಂತ ಬರಿ. ನಾಳೆ ತೆಗೆದ ಫೋಟೋ ಇಲ್ಲಿ ಹಾಕು, ಗೆರೆ ಎಳೆದು ಕಳಿಸುತ್ತೇನೆ.